ಪೈಸೆಗಳ ಪಂಚಾಯ್ತಿ

ಫೆಬ್ರುವರಿ ತಿಂಗಳ ಬೆಳಗ್ಗೆ ಹತ್ತೂವರೆ. ಕರಾವಳಿಯ ಜಿಲ್ಲಾಧಿಕಾರಿ ಕಚೇರಿಯ ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತ ಗುಮಾಸ್ತರು ಬಂದವರ ಹೆಸರು, ಊರು, ಆರ್‌ಆರ್ ನಂಬರು ಬರೆಸಿಕೊಳ್ಳುತ್ತಿದ್ದಾರೆ. ಆರ್‌ಆರ್ ನಂಬರು ಬಾಯಿಪಾಠ ಇರುವವರು ಕಡಿಮೆ. ಕೆಲವರು ಜೇಬಿನಿಂದ ಮಡಿಸಿದ ಬಿಲ್ ತೆಗೆಯುತ್ತಾರೆ. ಬಿಲ್ಲಿನ ಶಾಯಿ ಬಿಸಿಲಿಗೆ ಮಾಸಿ, ಅಂಕಿಗಳು ಕಾಣುತ್ತಿಲ್ಲ. ಗುಮಾಸ್ತರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಾರೆ.

ವೇದಿಕೆಯ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ಎಲ್ಲರ ಬಾಯಲ್ಲೂ ಇದು ಕೆಇಆರ್‌ಸಿ. ಆಯೋಗ ಹುಟ್ಟಿದ್ದು 1999ರಲ್ಲಿ. ಕಚೇರಿ ಇರುವುದು ಬೆಂಗಳೂರಿನ ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್‌ನಲ್ಲಿ, ಅಂದರೆ ಒಂದು ಕಾಲದ ಕೆರೆಯ ಅಂಗಳದಲ್ಲಿ. ವರ್ಷಕ್ಕೊಮ್ಮೆ ಅದು ಊರೂರಿಗೆ ಹೊರಟು ಬಂದು ಹೀಗೆ ಕೂರುತ್ತದೆ. ಸಭಾಂಗಣದ ಒಂದು ಬದಿಯಲ್ಲಿ ಎಸ್ಕಾಂ ಅಧಿಕಾರಿಗಳು: ವ್ಯವಸ್ಥಾಪಕ ನಿರ್ದೇಶಕರು, ಮುಖ್ಯ ಎಂಜಿನಿಯರ್‌ಗಳು, ಹಣಕಾಸು ವಿಭಾಗದವರು, ಅವರ ಹಿಂದೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ ಕಿರಿಯರು. ಇನ್ನೊಂದು ಬದಿಯಲ್ಲಿ ಹಸಿರು ಶಾಲಿನವರು, ಸಣ್ಣ ಕೈಗಾರಿಕೆ ಸಂಘದವರು, ಐಸ್ ಪ್ಲಾಂಟ್ ಮಾಲೀಕರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು. ಎಷ್ಟೋ ಕುರ್ಚಿ ಖಾಲಿ. ರಾಜ್ಯದ ಪ್ರತಿ ಮನೆಯ ಬಿಲ್ ತೀರ್ಮಾನವಾಗುವ ಸಭೆಗೆ ಮದುವೆ ಮನೆಯ ಎರಡು ಪಂಕ್ತಿಯಷ್ಟೂ ಜನ ಸೇರುವುದಿಲ್ಲ.

ಇದು ಬಹಿರಂಗ ವಿಚಾರಣೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮು ಇದಕ್ಕೆ ದಾರಿ ಹಾಕಿಕೊಟ್ಟಿದೆ. ಎಸ್ಕಾಂ ಮೊದಲು ಅರ್ಜಿ ಹಾಕಬೇಕು. ಏಪ್ರಿಲ್ ಒಂದಕ್ಕೆ ಹೊಸ ದರ ಬರಬೇಕಾದರೆ ಹಿಂದಿನ ನವೆಂಬರ್ ಮುಗಿಯುವುದರೊಳಗೆ. ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಬರಬೇಕು. ಜನರ ಆಕ್ಷೇಪಣೆ ಕೇಳಬೇಕು. ಅರ್ಜಿ ಕೈಸೇರಿದ 120 ದಿನಗಳಲ್ಲಿ ಆಯೋಗ ಆದೇಶ ಹೊರಡಿಸಬೇಕು.

ಪರದೆಯ ಮೇಲೆ ಮೊದಲ ಸ್ಲೈಡ್ ಮೂಡುತ್ತದೆ. ವಿದ್ಯುತ್ ಖರೀದಿಗೆ ಇಷ್ಟು, ಪ್ರಸರಣ ಶುಲ್ಕ ಇಷ್ಟು, ಸಿಬ್ಬಂದಿ, ದುರಸ್ತಿ, ಸವಕಳಿ, ಸಾಲದ ಬಡ್ಡಿ, ಬಂಡವಾಳದ ಮೇಲಿನ ಪ್ರತಿಫಲ. ಎಲ್ಲ ಕೂಡಿಸಿ, ಬರುವ ಆದಾಯ ಕಳೆದರೆ ಕೊರತೆ ಇಷ್ಟು ಕೋಟಿ. ಆದ್ದರಿಂದ ಯೂನಿಟ್‌ಗೆ ಇಷ್ಟು ಪೈಸೆ ಹೆಚ್ಚಿಸಿಕೊಡಿ. ಇದರಲ್ಲಿ ಸಿಂಹಪಾಲು ವಿದ್ಯುತ್ ಖರೀದಿಯದೇ. ಸಿಬ್ಬಂದಿ ಸಂಬಳದ ಬಗ್ಗೆ ಸಭೆಯಲ್ಲಿ ಎಷ್ಟು ಗದ್ದಲವಾದರೂ ದರ ಏರುವುದೂ ಇಳಿಯುವುದೂ ಆ ಮೊದಲ ಸಾಲಿನಿಂದ. ಆದರೆ ಖರೀದಿಯ ಒಪ್ಪಂದಗಳು ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಸಹಿಯಾದಂಥವು. ಈ ಸಭಾಂಗಣದಲ್ಲಿ ಕೂಗಿದರೆ ಅವು ಅಲ್ಲಾಡುವುದಿಲ್ಲ.

ಐಸ್ ಪ್ಲಾಂಟ್ ಮಾಲೀಕರು ಎದ್ದು ನಿಲ್ಲುತ್ತಾರೆ. "ಸಾರ್, ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ದೋಣಿ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನಿಲ್ಲ ಅಂದ ಮೇಲೆ ಮಂಜುಗಡ್ಡೆ ಯಾರಿಗೆ? ಕಂಪ್ರೆಸರ್ ನಿಂತಿರ್ತದೆ, ನಿಗದಿತ ಶುಲ್ಕ ಮಾತ್ರ ನಿಲ್ಲುದಿಲ್ಲ." ಎಸ್ಕಾಂ ಕಡೆಯಿಂದ ಉತ್ತರವೂ ಸಿದ್ಧವಿದೆ: ನೀವು ಬಳಸದಿದ್ದರೂ ನಿಮಗಾಗಿ ತಂತಿ, ಟ್ರಾನ್ಸ್‌ಫಾರ್ಮರು, ಸ್ಥಾವರ ಕಾದು ನಿಂತಿರುತ್ತವಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ. ಅಧ್ಯಕ್ಷರು ಬರೆದುಕೊಳ್ಳುತ್ತಾರೆ.

ಊಟಕ್ಕೆ ಮುಂಚೆ ಘಟ್ಟದ ಮೇಲಿನಿಂದ ಬಂದ ಒಬ್ಬ ಹಿರಿಯ ರೈತರ ಸರದಿ. ಕೈಯಲ್ಲಿ ಶಾಲಾ ಮಕ್ಕಳ ನೋಟುಪುಸ್ತಕ. ಅವರು ದರದ ಮಾತೇ ಎತ್ತುವುದಿಲ್ಲ. "ನಮ್ಮ ಪಂಪಿಗೆ ಮೀಟರೇ ಇಲ್ಲ ಸ್ವಾಮಿ. ಹತ್ತು ಎಚ್‌ಪಿವರೆಗೆ ಸರ್ಕಾರ ಫ್ರೀ ಕೊಟ್ಟಿದೆ, ಸಂತೋಷ. ಆದರೆ ನಾನು ಇಷ್ಟು ಯೂನಿಟ್ ಸುಟ್ಟೆ ಅಂತ ಇವರ ಪುಸ್ತಕದಲ್ಲಿ ಬರೆದಾರಲ್ಲ, ಅದು ಇವರಿಗೆ ಹೆಂಗೆ ಗೊತ್ತಾಯ್ತು?"

ಲ್ಯಾಪ್‌ಟಾಪ್‌ಗಳ ಸಾಲಿನಲ್ಲಿ ಸ್ವಲ್ಪ ಗುಸುಗುಸು. ಇಡೀ ದಿನದಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ನನ್ನ ಲೆಕ್ಕದಲ್ಲಿ ಇದೇ ತೂಕದ್ದು. ಯಾಕೆಂದು ಸ್ವಲ್ಪ ಬಿಡಿಸಿ ಹೇಳಬೇಕು.

ಲೆಕ್ಕಕ್ಕೆಂದು ಎಸ್ಕಾಂ 100 ಯೂನಿಟ್ ಕೊಂಡಿತೆನ್ನಿ. ಮೀಟರ್ ಇರುವ ಮನೆ, ಅಂಗಡಿ, ಕಾರ್ಖಾನೆಗಳಿಗೆ 55 ಯೂನಿಟ್ ಮಾರಿದೆ. ಇದು ಅಳತೆಗೆ ಸಿಕ್ಕ ಸತ್ಯ. ಉಳಿದ 45 ಎರಡು ಕಡೆ ಹೋಗಿದೆ: ಒಂದಷ್ಟು ಐಪಿ ಸೆಟ್‌ಗಳಿಗೆ, ಇನ್ನೊಂದಷ್ಟು ತಂತಿಯಲ್ಲಿ ಬಿಸಿಯಾಗಿ, ಕಳುವಾಗಿ ಸೋರಿಹೋಗಿದೆ. ಐಪಿ ಸೆಟ್‌ಗೆ ಮೀಟರ್ ಇಲ್ಲದ್ದರಿಂದ ಈ ಪಾಲು ಮಾಡುವುದು ಅಂದಾಜಿನ ಮೇಲೆ. ಪಂಪುಗಳು 33 ಯೂನಿಟ್ ಎಳೆದವು ಎಂದರೆ ನಷ್ಟ 12. ಇಲ್ಲ, 28 ಮಾತ್ರ ಎಂದರೆ ನಷ್ಟ 17. ಆಯೋಗ ಒಪ್ಪುವ ನಷ್ಟದ ಮಿತಿ 12 ಎಂದಿಟ್ಟುಕೊಂಡರೆ, ಎರಡನೆಯ ಲೆಕ್ಕದಲ್ಲಿ ಹೆಚ್ಚಿನ 5 ಯೂನಿಟ್‌ಗಳ ಖರ್ಚನ್ನು ಎಸ್ಕಾಂ ತನ್ನ ಗಂಟಿನಿಂದಲೇ ತುಂಬಬೇಕು. ಮೊದಲನೆಯ ಲೆಕ್ಕದಲ್ಲಾದರೋ ಅದೇ 5 ಯೂನಿಟ್ ರೈತನ ಹೆಸರಿಗೆ ಬಿದ್ದು, ಸಹಾಯಧನವಾಗಿ ಸರ್ಕಾರದಿಂದ ಬರುತ್ತದೆ. ಕದ್ದವನಾರೋ, ಸೋರಿದ್ದು ಎಲ್ಲೋ, ಲೆಕ್ಕ ಮಾತ್ರ ಅಡಿಕೆ ತೋಟಕ್ಕೆ.

ಹಾಗಾಗಿ ಆಯೋಗ ವರ್ಷವೂ ಕೇಳುವುದು ಫೀಡರ್ ಲೆಕ್ಕವನ್ನು. ಪಂಪ್‌ಸೆಟ್‌ಗಳಿಗೆಂದೇ ಬೇರ್ಪಡಿಸಿದ ಫೀಡರ್‌ನ ಮೀಟರ್ ಉಪಕೇಂದ್ರದಲ್ಲಿರುತ್ತದೆ. ಅದರ ಅಂಕಿಯಿಂದ ದಾರಿಯ ನಷ್ಟ ಕಳೆದು, ಆ ಫೀಡರ್‌ನಲ್ಲಿ ನಡೆಯುತ್ತಿರುವ ಪಂಪುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಪಂಪಿನ ಸರಾಸರಿ ಸಿಗುತ್ತದೆ. ಆಮೇಲೆ ಅದನ್ನು ಇಡೀ ವಿಭಾಗದ ಪಂಪುಗಳ ಸಂಖ್ಯೆಗೆ ಗುಣಿಸುತ್ತಾರೆ. ಎಡವಟ್ಟಾಗುವುದು ಈ ಗುಣಾಕಾರದಲ್ಲಿ. ಬೋರ್‌ವೆಲ್ ಬತ್ತಿ ಹತ್ತು ವರ್ಷವಾದ ಪಂಪು ಪಟ್ಟಿಯಲ್ಲಿ ಇನ್ನೂ ಜೀವಂತವಿದ್ದರೆ ಅದೂ ಯೂನಿಟ್ ಸುಡುತ್ತದೆ.

ರೈತರ ನೋಟುಪುಸ್ತಕದಲ್ಲಿದ್ದದ್ದು ಇದನ್ನು ಹಿಡಿಯುವ ಒಂದು ನಾಟಿ ಲೆಕ್ಕ. ಐದು ಎಚ್‌ಪಿ ಮೋಟಾರು ಗಂಟೆಗೆ ಸುಮಾರು 4 ಯೂನಿಟ್ ಎಳೆಯುತ್ತದೆ. ಪುಸ್ತಕದಲ್ಲಿ ಒಂದು ಪಂಪಿಗೆ ವರ್ಷಕ್ಕೆ 8,000 ಯೂನಿಟ್ ಎಂದಿದ್ದರೆ ಅದು 2,000 ಗಂಟೆ ಓಡಿರಬೇಕು. ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ. ಅಂದರೆ ವರ್ಷದಲ್ಲಿ 285 ದಿನ, ಕರೆಂಟು ಬಂದಷ್ಟು ಹೊತ್ತೂ, ಒಂದು ನಿಮಿಷ ಬಿಡದೆ. "ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಆ ನಾಕು ತಿಂಗಳು ತೋಟಕ್ಕೆ ನೀರು ಬಿಡೋದಲ್ಲ, ನೀರು ಹೊರಗೆ ಹಾಕೋದೇ ಕೆಲಸ. ವರ್ಷದಲ್ಲಿ 285 ದಿನ ಎಲ್ಲಿಂದ ತರ್ತಾರೆ?" ಸಭೆಯಲ್ಲಿ ನಗು. ನಗುವಿನ ನಡುವೆ ಒಬ್ಬ ಸದಸ್ಯರು ಎಸ್ಕಾಂ ಕಡೆ ತಿರುಗಿ ಆ ಉಪವಿಭಾಗದ ಫೀಡರ್‌ವಾರು ಮಾಹಿತಿ ಲಿಖಿತವಾಗಿ ಕೊಡಿ ಎನ್ನುತ್ತಾರೆ. ಅಷ್ಟಾದರೆ ಆ ಪ್ರಶ್ನೆ ಕಡತಕ್ಕೆ ಸೇರಿತು. ಕಡತಕ್ಕೆ ಸೇರುವುದು ಏನು ದೊಡ್ಡದು ಎನ್ನಿಸಬಹುದು. ಅದರ ಬೆಲೆ ಮುಂದೆ ದೆಹಲಿಯಲ್ಲಿ ತಿಳಿಯುತ್ತದೆ.

ಆದೇಶ ಬರುವ ಹೊತ್ತಿಗೆ ಈ ನೋಟುಪುಸ್ತಕ ಯಾರಿಗೂ ನೆನಪಿರುವುದಿಲ್ಲ. ನೂರಾರು ಪುಟಗಳ ಆದೇಶದಲ್ಲಿ ಪತ್ರಿಕೆಗಳು ಎತ್ತಿಕೊಳ್ಳುವುದು ಒಂದು ಸಾಲು. 2023ರ ಆದೇಶ ಬಂದದ್ದು ಮೇ 12ರಂದು, ವಿಧಾನಸಭೆಯ ಮತ ಎಣಿಕೆಯ ಹಿಂದಿನ ದಿನ. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆ, ಅದೂ ಏಪ್ರಿಲ್ ಒಂದರಿಂದಲೇ ಲೆಕ್ಕ. ಸುದ್ದಿಯ ತಲೆಬರಹ ಅಷ್ಟೆ. ಜನರನ್ನು ನಿಜವಾಗಿ ಚುರುಕು ಮುಟ್ಟಿಸಿದ್ದು ಒಳಗಿನ ಇನ್ನೊಂದು ಬದಲಾವಣೆ. ಗೃಹಬಳಕೆಗೆ ನೂರು ಯೂನಿಟ್‌ವರೆಗೆ ಯೂನಿಟ್‌ಗೆ 4.75 ರೂಪಾಯಿ, ನೂರು ದಾಟಿದರೆ 7 ರೂಪಾಯಿ, ಆದರೆ ದಾಟಿದ ಯೂನಿಟ್‌ಗಷ್ಟೇ ಅಲ್ಲ, ಮೊದಲ ಯೂನಿಟ್‌ನಿಂದಲೇ. 99 ಯೂನಿಟ್ ಬಳಸಿದ ಮನೆಗೆ 470 ರೂಪಾಯಿ, 101 ಬಳಸಿದ ಮನೆಗೆ 707. ಎರಡು ಯೂನಿಟ್‌ಗೆ 237 ರೂಪಾಯಿಯ ಹೊಂಡ. ಮೀಟರ್ ರೀಡರ್ ಎರಡು ದಿನ ತಡವಾಗಿ ಬಂದರೂ ಮನೆಯವರು ಹೊಂಡಕ್ಕೆ ಬೀಳಬಹುದಿತ್ತು. ಜೂನ್ ಬಿಲ್ ನೋಡಿ ಜನ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. 2024ರ ಫೆಬ್ರುವರಿ 28ರ ಆದೇಶದಲ್ಲಿ ಆಯೋಗವೇ ಆ ಹೊಂಡ ಮುಚ್ಚಿತು; ಎಲ್ಲ ಯೂನಿಟ್‌ಗೂ ಒಂದೇ ದರ, 5.90. ಮರುವರ್ಷದ ಮಾರ್ಚ್‌ನಲ್ಲಿ ಅದು 5.80ಕ್ಕೆ ಇಳಿಯಿತು, ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು, ನೌಕರರ ಪಿಂಚಣಿ ಬಾಬ್ತು ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಬೇರೆ ಸೇರಿತು. ಮೂರು ಕಿಲೋವಾಟ್ ಲೋಡ್ ಇರುವ ಮನೆಯವರು ತಿಂಗಳಿಗೆ 120 ಯೂನಿಟ್ ಬಳಸಿದರೆ ದರ ಇಳಿದದ್ದರಿಂದ ಉಳಿದದ್ದು 12 ರೂಪಾಯಿ, ಉಳಿದೆರಡರಿಂದ ಏರಿದ್ದು 118. ಇಳಿಕೆಯ ಸುದ್ದಿ ಓದಿ ಖುಷಿಪಟ್ಟವರಿಗೆ ಬಿಲ್ ಅರ್ಥವಾಗದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಬಿಲ್ ಬಂದಾಗ ಯೂನಿಟ್ ದರವನ್ನಲ್ಲ, ಮಂಜೂರಾದ ಲೋಡ್ ಎಷ್ಟಿದೆ ಎಂಬುದನ್ನು ಮೊದಲು ನೋಡಬೇಕು.

ಆದೇಶ ಒಪ್ಪದವರು ಮೇಲ್ಮನವಿ ಹೋಗಬಹುದು. ಎಲ್ಲಿಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಲ್ಕತ್ತೆಯ ಒಂದು ಜಗಳದಿಂದ.

ಆ ನಗರಕ್ಕೆ ವಿದ್ಯುತ್ ಕೊಡುವ ಸಿಇಎಸ್‌ಸಿ ಎಂಬ ಖಾಸಗಿ ಕಂಪನಿ ಕೇಳಿದ ದರವನ್ನು ಪಶ್ಚಿಮ ಬಂಗಾಳದ ಆಯೋಗ ಪೂರ್ತಿ ಕೊಡಲಿಲ್ಲ. ಆಗ ಜಾರಿಯಲ್ಲಿದ್ದ 1998ರ ಕಾಯ್ದೆಯ ಪ್ರಕಾರ ಮೇಲ್ಮನವಿ ಹೈಕೋರ್ಟಿಗೆ. ಹೈಕೋರ್ಟು ಆಯೋಗದ ಆದೇಶವನ್ನು ಬದಿಗಿಟ್ಟು ಹೆಚ್ಚಿನ ದರವನ್ನು ತಾನೇ ನಿಗದಿ ಮಾಡಿತು. ಗ್ರಾಹಕರನ್ನೆಲ್ಲ ಆಯೋಗ ಕರೆದು ಕೇಳಿದ್ದೂ ಅದಕ್ಕೆ ಹಿಡಿಸಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬರೆದವರು ಉಡುಪಿ ಜಿಲ್ಲೆಯ ನಿಟ್ಟೆ ಮೂಲದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ, ನಾವು ಆಮೇಲೆ ಲೋಕಾಯುಕ್ತರಾಗಿ ಕಂಡವರು. ಎರಡು ಮಾತು ಅದರಲ್ಲಿ ಮುಖ್ಯ. ದರ ನಿಗದಿಯಲ್ಲಿ ತನ್ನ ಮಾತು ಹೇಳುವ ಹಕ್ಕು ಗ್ರಾಹಕನಿಗೆ ಕಾಯ್ದೆಯಿಂದಲೇ ಬಂದಿದೆ. ಲಕ್ಷಾಂತರ ಜನರಲ್ಲಿ ಯಾರನ್ನು ಹೇಗೆ ಕೇಳಬೇಕೆಂಬ ಕ್ರಮವನ್ನು ಮಾತ್ರ ಆಯೋಗ ಮಾಡಿಕೊಳ್ಳಬಹುದು. ಎರಡನೆಯದು, ಆಯೋಗವೇ ತಜ್ಞರ ಸಂಸ್ಥೆ, ಅದರ ಲೆಕ್ಕವನ್ನು ತೂಗಿ ನೋಡಲು ಮೇಲೂ ಅಂಥದೇ ತಜ್ಞರಿರುವುದು ಒಳ್ಳೆಯದು. ಮರುವರ್ಷ ಜಾರಿಗೆ ಬಂದ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ ಅಂಥ ಮೇಲ್ಮನವಿ ನ್ಯಾಯಮಂಡಳಿಗೆ ಜಾಗ ಸಿಕ್ಕಿತು. ವಕೀಲರು ಅದನ್ನು ಕರೆಯುವುದು ಆಪ್ಟೆಲ್ ಎಂದು.

ಆಪ್ಟೆಲ್ ಕೂರುವುದು ದೆಹಲಿಯ ಲೋಧಿ ರಸ್ತೆಯ ಸ್ಕೋಪ್ ಕಾಂಪ್ಲೆಕ್ಸಿನಲ್ಲಿ, ಸಾರ್ವಜನಿಕ ಉದ್ದಿಮೆಗಳ ಕಚೇರಿಗಳ ನಡುವೆ. ಅಲ್ಲಿ ಹಸಿರು ಶಾಲು ಕಾಣುವುದಿಲ್ಲ. ಪೀಠದಲ್ಲಿ ಕನಿಷ್ಠ ಒಬ್ಬರು ನ್ಯಾಯಾಂಗ ಸದಸ್ಯರು, ಒಬ್ಬರು ತಾಂತ್ರಿಕ ಸದಸ್ಯರು ಇರಲೇಬೇಕು. ವಕೀಲರು ಕೋಷ್ಟಕದ ಮೇಲೆ ಬೆರಳಿಟ್ಟು ವಾದಿಸುತ್ತಾರೆ: ಇಂಥ ಪುಟದ ಇಂಥ ಕಾಲಮ್ಮಿನಲ್ಲಿ ಆಯೋಗ ನಮ್ಮ ಬಡ್ಡಿ ಕತ್ತರಿಸಿದೆ, ಕಾರಣ ಬರೆದಿಲ್ಲ. ತಾಂತ್ರಿಕ ಸದಸ್ಯರು ನಡುವೆ ತಡೆದು, ಟ್ರಾನ್ಸ್‌ಫಾರ್ಮರ್ ನಷ್ಟ ಈ ಅಂಕಿಯಲ್ಲಿ ಸೇರಿದೆಯೋ ಇಲ್ಲವೋ ಎಂದು ಕೇಳಿದರೆ ವಕೀಲರು ಹಿಂದಕ್ಕೆ ತಿರುಗಿ ಎಂಜಿನಿಯರ್ ಮುಖ ನೋಡುತ್ತಾರೆ. ಹೈಕೋರ್ಟಿನಲ್ಲಿ ಹುಟ್ಟದ ಪ್ರಶ್ನೆ ಅದು.

ಬಾಧಿತನಾದ ಯಾವ ವ್ಯಕ್ತಿಯಾದರೂ 45 ದಿನಗಳೊಳಗೆ ಇಲ್ಲಿಗೆ ಬರಬಹುದು ಎನ್ನುತ್ತದೆ 111ನೇ ಕಲಮು. ಮೇಲ್ಮನವಿ ಶುಲ್ಕ ಒಂದು ಲಕ್ಷ ರೂಪಾಯಿ. ಆದ್ದರಿಂದ ಬರುವವರು ಹೆಚ್ಚಾಗಿ ಉತ್ಪಾದನಾ ಕಂಪನಿಗಳು, ಎಸ್ಕಾಂಗಳು, ದೊಡ್ಡ ಕೈಗಾರಿಕೆಗಳು. ಆಯೋಗದ ಆದೇಶವನ್ನಷ್ಟೇ ಇಲ್ಲಿ ಪ್ರಶ್ನಿಸಬಹುದು; ಆದೇಶದ ಬೆನ್ನಿಗಿರುವ ನಿಯಮಾವಳಿಯೇ ತಪ್ಪೆನ್ನುವವರು ಹೈಕೋರ್ಟಿಗೆ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ಪಿಟಿಸಿ ಪ್ರಕರಣದಲ್ಲಿ ಗೆರೆ ಎಳೆದಿದೆ. ಆಪ್ಟೆಲ್ ಮೇಲೆ ಸುಪ್ರೀಂ ಕೋರ್ಟ್ ಇದೆಯಾದರೂ ಅಲ್ಲಿ ಕೇಳುವುದು ಕಾನೂನಿನ ಗಣನೀಯ ಪ್ರಶ್ನೆಯನ್ನು ಮಾತ್ರ. ಅಂಕಿಸಂಖ್ಯೆಯ ಜಗಳಕ್ಕೆ ಕಡೆಯ ನಿಲ್ದಾಣ ಸ್ಕೋಪ್ ಕಾಂಪ್ಲೆಕ್ಸೇ. ಮತ್ತು ಅಲ್ಲಿ ಜಗಳ ನಡೆಯುವುದು ಆಯೋಗದ ಕಡತದಲ್ಲಿ ಇದ್ದದ್ದರ ಮೇಲೆ. 285 ದಿನದ ಪ್ರಶ್ನೆ ಜಿಲ್ಲಾಧಿಕಾರಿ ಕಚೇರಿಯ ಸಭೆಯಲ್ಲಿ ಎದ್ದು, ಲಿಖಿತವಾಗಿ ದಾಖಲಾಗಿದ್ದರೆ, ಆಯೋಗ ಅದಕ್ಕೆ ಉತ್ತರಿಸಿಲ್ಲ ಎಂಬುದೇ ಮೇಲ್ಮನವಿಗೆ ಒಂದು ಆಧಾರ. ಅಲ್ಲಿ ಸುಮ್ಮನಿದ್ದು ದೆಹಲಿಯಲ್ಲಿ ಹೊಸದಾಗಿ ತೆಗೆಯುವುದು ಬಲು ಕಷ್ಟ.

ಟೆಲಿಕಾಂ ಕಡೆಯ ಕಥೆ ಬೇರೆ. ಟ್ರಾಯ್ 1997ರಲ್ಲಿ ಬಂತು. 2000ದಲ್ಲಿ ಅದರ ಮೇಲೆ ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿ ಕೂತಿತು. ವರ್ಷಗಟ್ಟಲೆ ಅದರ ವಿಳಾಸ ಚಾಣಕ್ಯಪುರಿಯ ಸಾಮ್ರಾಟ್ ಹೋಟೆಲಿನ ಕಟ್ಟಡ. ನಿವೃತ್ತಿಯ ನಂತರ ಸಂತೋಷ್ ಹೆಗ್ಡೆಯವರು ಅದರ ಅಧ್ಯಕ್ಷರೂ ಆಗಿದ್ದರು. ಮೊಬೈಲ್ ದರವನ್ನು ಟ್ರಾಯ್ ಬಹುಪಾಲು ಕಂಪನಿಗಳಿಗೇ ಬಿಟ್ಟಿದೆ. ಹೊಸ ಪ್ಲಾನ್ ಬಿಟ್ಟ ಏಳು ಕೆಲಸದ ದಿನಗಳಲ್ಲಿ ವರದಿ ಕೊಟ್ಟರಾಯಿತು. ನಾಲ್ಕು ಕಂಪನಿ ಪೈಪೋಟಿಗಿದ್ದಾಗ ದರ ತಾನೇ ಇಳಿಯುತ್ತದೆ ಎಂಬ ತರ್ಕ. ಮನೆಗೆ ಎರಡು ಎಸ್ಕಾಂ ತಂತಿ ಎಳೆಯಲಾಗದ್ದರಿಂದ ವಿದ್ಯುತ್ತಿನಲ್ಲಿ ಆ ತರ್ಕ ನಡೆಯುವುದಿಲ್ಲ. ಇನ್ನೊಂದು ತಮಾಷೆಯೆಂದರೆ ಟೆಲಿಕಾಂನ ದೊಡ್ಡ ತಕರಾರು ದರ ಜಾಸ್ತಿಯಾಯಿತೆಂದಲ್ಲ, ಕಡಿಮೆಯಾಯಿತೆಂದು. ಎದುರಾಳಿಯನ್ನು ಮುಗಿಸಲೆಂದೇ ದರ ಇಳಿಸುವುದನ್ನು ಗುರುತಿಸುವ ನಿಯಮವನ್ನು ಟ್ರಾಯ್ 2018ರ ಫೆಬ್ರುವರಿಯಲ್ಲಿ ತಂದಿತು. ಹಳೆಯ ಕಂಪನಿಗಳು ಪ್ರಶ್ನಿಸಿದವು. ಅದೇ ಡಿಸೆಂಬರ್‌ನಲ್ಲಿ ಟಿಡಿಸ್ಯಾಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಹತ್ತು ತಿಂಗಳು. ವಿದ್ಯುತ್ ವ್ಯಾಜ್ಯಗಳನ್ನು ನೋಡಿ ಅಭ್ಯಾಸವಾದವರಿಗೆ ಇದು ಮಿಂಚಿನ ವೇಗ.

ವಿದ್ಯುತ್ತಿನ ಮೇಲ್ಮನವಿಯನ್ನು 180 ದಿನಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಯತ್ನಕ್ಕೆ ದಂಡವಿಲ್ಲವಲ್ಲ. ನಾಲ್ಕು ವರ್ಷವಾಯಿತೆನ್ನಿ. ಆಯೋಗ ಕತ್ತರಿಸಿದ್ದ 100 ಕೋಟಿ ರೂಪಾಯಿ ವೆಚ್ಚವನ್ನು ಆಪ್ಟೆಲ್ ನ್ಯಾಯವೆಂದು ಒಪ್ಪಿ, ಹೊಸದಾಗಿ ಲೆಕ್ಕ ಹಾಕಿ ಎಂದು ಪ್ರಕರಣವನ್ನು ಆಯೋಗಕ್ಕೇ ವಾಪಸ್ ಕಳಿಸಿತು. ಈ ನಾಲ್ಕು ವರ್ಷ ಕಂಪನಿ ಆ ಹಣವನ್ನು ಸಾಲ ತಂದು ನಡೆಸಿದೆ. ಅದರ ಬಡ್ಡಿ, ಈ ವೃತ್ತಿಯವರ ಮಾತಿನಲ್ಲಿ ಕ್ಯಾರಿಯಿಂಗ್ ಕಾಸ್ಟ್, ಅದಕ್ಕೂ ಸಲ್ಲಬೇಕು. ವರ್ಷಕ್ಕೆ ಶೇ 10ರಂತೆ ಚಕ್ರಬಡ್ಡಿ ಸೇರಿದರೆ 146 ಕೋಟಿ. ಕಂಪನಿ ವರ್ಷಕ್ಕೆ 700 ಕೋಟಿ ಯೂನಿಟ್ ಮಾರುತ್ತದೆಂದರೆ ಆಗಲೇ 14 ಪೈಸೆಯಲ್ಲಿ ಮುಗಿಯುತ್ತಿದ್ದದ್ದು ಈಗ 21 ಪೈಸೆ. ಕೊಡುವವರು ಯಾರು? ಆ ವರ್ಷ ಕರೆಂಟು ಸುಟ್ಟ ಬಾಡಿಗೆದಾರ ಮನೆ ಖಾಲಿ ಮಾಡಿ ಹೋಗಿರುತ್ತಾನೆ. ಹೊಸದಾಗಿ ಬಂದವನು, ನಾಲ್ಕು ವರ್ಷದ ಹಿಂದೆ ಬೇರೆ ಊರಲ್ಲಿದ್ದವನು, ಆ 21 ಪೈಸೆ ಕಟ್ಟುತ್ತಾನೆ. ಗೆದ್ದವರು ಗ್ರಾಹಕರಾದರೂ ಇಷ್ಟೇ. ಹೆಚ್ಚು ಕೊಟ್ಟವನೊಬ್ಬ, ಕಡಿತದ ಲಾಭ ಪಡೆಯುವವನೊಬ್ಬ.

ದರ ಏರಿಸಿ ಬೈಸಿಕೊಳ್ಳಲು ಮನಸ್ಸಿಲ್ಲದ ಆಯೋಗಗಳು ನ್ಯಾಯವಾದ ವೆಚ್ಚವನ್ನೂ ಮುಂದಕ್ಕೆ ಹಾಕುವುದುಂಟು. ಪುಸ್ತಕದಲ್ಲಿ ಅದಕ್ಕೆ ನಿಯಂತ್ರಕ ಆಸ್ತಿ ಎಂಬ ಗೌರವದ ಹೆಸರಿದೆ. ಆಸ್ತಿ ಕಂಪನಿಯದು, ಸಾಲ ನಮ್ಮದು. ಇದನ್ನು ಮಾಮೂಲಿ ಮಾಡಿಕೊಳ್ಳಬೇಡಿ, ಅರ್ಜಿ ಬಾರದಿದ್ದರೆ ನೀವೇ ಮುಂದಾಗಿ ದರ ನಿಗದಿ ಶುರುಮಾಡಿ ಎಂದು ಆಪ್ಟೆಲ್ 2011ರ ನವೆಂಬರ್ 11ರಂದೇ ಎಲ್ಲ ರಾಜ್ಯಗಳ ಆಯೋಗಗಳಿಗೆ ಹೇಳಿತ್ತು. ದೆಹಲಿ ಕೇಳಲಿಲ್ಲ. 2024ರ ಮಾರ್ಚ್ ಕೊನೆಗೆ ಅಲ್ಲಿಯ ಮೂರು ವಿತರಣಾ ಕಂಪನಿಗಳ ಲೆಕ್ಕದಲ್ಲಿ ಬಡ್ಡಿ ಸಮೇತ ಹೀಗೆ ಗುಡ್ಡೆ ಬಿದ್ದದ್ದು 27,200 ಕೋಟಿ ರೂಪಾಯಿ. ಬಿಲ್ ಏರದ ಊರು ಎಂದು ಹೊರಗಿನವರು ಹೊಟ್ಟೆಕಿಚ್ಚುಪಡುತ್ತಿದ್ದ ರಾಜಧಾನಿಯ ನಿಜವಾದ ಬಾಕಿ ಅದು.

2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ಈ ಗುಡ್ಡೆಗಳನ್ನು ಕಾಲಮಿತಿಯಲ್ಲಿ ಕರಗಿಸಬೇಕೆಂದು ಆದೇಶಿಸಿತು. ಯಾವ ವರ್ಷ ಎಷ್ಟು ವಸೂಲಿ, ಅದರ ಬಡ್ಡಿಗೆ ಏನು ದಾರಿ ಎಂಬ ಯೋಜನೆಯನ್ನು ಪ್ರತಿ ಆಯೋಗವೂ ಕೊಡಬೇಕು. ಇಷ್ಟು ಬೆಳೆಯಲು ಬಿಟ್ಟದ್ದು ಯಾಕೆಂದು ಲೆಕ್ಕಪರಿಶೋಧನೆಯೂ ಆಗಬೇಕು. ಉಸ್ತುವಾರಿಯನ್ನು ಆಪ್ಟೆಲ್‌ಗೇ ವಹಿಸಿತು. ಆಯೋಗಗಳಿಗೆ ನಿರ್ದೇಶನ ಕೊಡುವ ಅಧಿಕಾರ ಕಾಯ್ದೆಯ 121ನೇ ಕಲಮಿನಲ್ಲಿ ಅದಕ್ಕೆ ಮೊದಲಿನಿಂದಲೂ ಇದೆ. ತಾನಾಗಿಯೇ ಪ್ರಕರಣ ದಾಖಲಿಸಿಕೊಂಡು, ಗುಡ್ಡೆ ಎಲ್ಲೆಲ್ಲಿ ಎಷ್ಟು ಕರಗಿತೆಂದು ಅದು ಕೇಳುತ್ತಾ ಹೋಗಬೇಕು, ಕರಗುವ ತನಕ.